ಪಾಠ ಹೇಳಿದ್ದೆಷ್ಟು, ನಾವು ಸೇರಿಸಿದ್ದೆಷ್ಟು?

(ತೇರದಾಳದಲ್ಲಿ ನಡೆದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಸಮಾಜವಿಜ್ಞಾನ ಶಿಕ್ಷಕರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)

 

ಇವತ್ತು ನಾನು ನನ್ನದೇ ಒಂದು ತಪ್ಪಿನಿಂದ ಮಾತು ಆರಂಭಿಸುತ್ತೇನೆ. ಬಹಳ ವರ್ಷಗಳ ಹಿಂದೆ ಒಂಬತ್ತನೆಯ ತರಗತಿಗೆ ಒಂದು ಘಟಕ ಪರೀಕ್ಷೆ ಕೊಟ್ಟಿದ್ದೆ. ಪಾಠ ಕಲ್ಯಾಣದ ಶರಣರದು. ಅದರಲ್ಲೊಂದು ಪ್ರಶ್ನೆ: ಬಸವಣ್ಣನವರು ಕಲ್ಯಾಣವನ್ನು ಬಿಟ್ಟದ್ದು ಏಕೆ? ಬಹುತೇಕ ಮಕ್ಕಳು, ಬಿಜ್ಜಳ ಗಡಿಪಾರು ಮಾಡಿದ್ದರಿಂದ ಎಂದು ಬರೆದಿದ್ದರು. ಎರಡೆರಡು ಅಂಕ ಕೊಟ್ಟೆ. ನೇಕಾರರ ಮನೆಯ ಒಬ್ಬ ಹುಡುಗಿ ಮಾತ್ರ, ಪಾಠದಲ್ಲಿ ಕಾರಣ ಹೇಳಿಲ್ಲ, ಮದುವೆಯ ನಂತರ ಹೋದರು ಎಂದಷ್ಟೇ ಇದೆ ಎಂದು ಬರೆದಿದ್ದಳು. ಓದದೆ ಬಂದು ಜಾಣತನ ತೋರಿಸಿದ್ದಾಳೆ ಎಂದುಕೊಂಡು ಸೊನ್ನೆ ಹಾಕಿದೆ.

ಮರುದಿನ ಅವಳು ಪುಸ್ತಕ ಹಿಡಿದುಕೊಂಡು ಬಂದಳು. "ಸರ್, ಗಡಿಪಾರು ಅಂತ ಪಾಠದಾಗ ಎಲ್ಲೈತ್ರಿ? ತೋರಸ್ರಿ" ಎಂದಳು. "ಐತವ್ವಾ, ನೋಡು ತೋರಸ್ತೀನಿ" ಎಂದು ಪುಟ ತಿರುವಿದೆ. ಎರಡು ಸಲ ತಿರುವಿದೆ. ಇರಲಿಲ್ಲ. ಆ ಉತ್ತರ ನನ್ನ ತಲೆಯಲ್ಲಿತ್ತು. ಚಿಕ್ಕಂದಿನಲ್ಲಿ ಕೇಳಿದ ಪುರಾಣದಿಂದ, ಜಾತ್ರೆಯಲ್ಲಿ ನೋಡಿದ ನಾಟಕದಿಂದ ಬಂದು ಕೂತಿತ್ತು. ಮೂವತ್ತು ಮಕ್ಕಳೂ ಅದನ್ನು ಬರೆದದ್ದು ಪಾಠ ಓದಿ ಅಲ್ಲ, ನನ್ನ ಹಾಗೆಯೇ ಮನೆಯಿಂದ ತಂದು. ಪಾಠವನ್ನು ಸರಿಯಾಗಿ ಓದಿದವಳು ಒಬ್ಬಳೇ. ಅವಳಿಗೇ ಸೊನ್ನೆ.

ಅಂದಿನಿಂದ ನಾನು ಪಾಠದ ಕೊನೆಯ ಅಭ್ಯಾಸಗಳನ್ನು ಮಾಡಿಸುವ ರೀತಿಯೇ ಬದಲಾಯಿತು. ಅದನ್ನು ನಿಮ್ಮ ಮುಂದೆ ಒಂದು ಉದಾಹರಣೆಯಿಂದ ಬಿಡಿಸಿ ಹೇಳುತ್ತೇನೆ. ಪಠ್ಯಪುಸ್ತಕ ಆಗಾಗ ಬದಲಾಗುತ್ತದೆ. ಅದಕ್ಕೆ ಪುಸ್ತಕದ ಮಾತನ್ನು ಓದುವುದಿಲ್ಲ. ಅದೇ ಬಗೆಯ ಪಾಠವನ್ನು ಆರು ವಾಕ್ಯಗಳಲ್ಲಿ ನನ್ನ ಮಾತಿನಲ್ಲೇ ಹೇಳುತ್ತೇನೆ. ಮಕ್ಕಳು ಬೆರಳು ಮಡಚಿ ಎಣಿಸಿಕೊಳ್ಳಲಿ.

ಒಂದು: ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣವು ಕಳಚುರಿ ಬಿಜ್ಜಳನ ಆಳ್ವಿಕೆಯಲ್ಲಿತ್ತು. ಎರಡು: ಬಸವಣ್ಣನವರು ಅವನ ಭಂಡಾರದ ಅಧಿಕಾರಿಯಾಗಿದ್ದರು. ಮೂರು: ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆ ನಡೆಯಿತೆಂದು ಪುರಾಣಗಳು ಹೇಳುತ್ತವೆ. ನಾಲ್ಕು: ಹರಳಯ್ಯ, ಮಧುವರಸರಿಗೆ ಕಲ್ಯಾಣದಲ್ಲಿ ಮರಣದಂಡನೆ ವಿಧಿಸಲಾಯಿತು. ಐದು: ಬಸವಣ್ಣನವರು ಕಲ್ಯಾಣವನ್ನು ಬಿಟ್ಟು ಕೂಡಲಸಂಗಮಕ್ಕೆ ಹೋದರು. ಆರು: ಬಿಜ್ಜಳನ ಕೊಲೆಯಾಯಿತು, ಶರಣರು ಉಳವಿ ಮೊದಲಾದ ಕಡೆಗಳಿಗೆ ಚದುರಿದರು.

ಈಗ ಪ್ರಶ್ನೆ: ಹರಳಯ್ಯ, ಮಧುವರಸರಿಗೆ ಮರಣದಂಡನೆ ವಿಧಿಸಿದವರು ಯಾರು? ಎಲ್ಲರೂ ಒಮ್ಮೆಲೇ ಬಿಜ್ಜಳ ಎಂದಿರಿ. ನಾಲ್ಕನೆಯ ವಾಕ್ಯವನ್ನು ಮತ್ತೆ ನೋಡಿರಿ. "ವಿಧಿಸಲಾಯಿತು" ಎಂದಿದೆ, ಯಾರು ಎಂದಿಲ್ಲ. ನಮ್ಮ ಪಠ್ಯಪುಸ್ತಕಗಳಲ್ಲಿ "ಮಾಡಲಾಯಿತು, ಕಟ್ಟಿಸಲಾಯಿತು, ನೀಡಲಾಯಿತು" ಎಂಬ ಮಾತು ಬಹಳ. ಅದರಲ್ಲಿ ಕರ್ತೃವಿನ ಜಾಗ ಖಾಲಿ ಇರುತ್ತದೆ, ಓದುವವನು ತನಗೆ ಗೊತ್ತಿದ್ದವರನ್ನು ತಂದು ಅಲ್ಲಿ ಕೂಡಿಸುತ್ತಾನೆ. ಕೂಡಿಸಿದ್ದು ಅವನಿಗೇ ಗೊತ್ತಾಗುವುದಿಲ್ಲ.

ಹಾಗಾದರೆ ಉತ್ತರವೇ ಇಲ್ಲವೇ? ಇದೆ. ಒಂದನೆಯ ವಾಕ್ಯವನ್ನೂ ನಾಲ್ಕನೆಯದನ್ನೂ ಜೋಡಿಸಿರಿ. ಕಲ್ಯಾಣ ಬಿಜ್ಜಳನ ಆಳ್ವಿಕೆಯಲ್ಲಿತ್ತು, ದಂಡನೆ ಕಲ್ಯಾಣದಲ್ಲಿ ಆಯಿತು. ಆದ್ದರಿಂದ ಬಿಜ್ಜಳನ ಆಡಳಿತದಲ್ಲಿ ದಂಡನೆಯಾಯಿತು ಎಂದು ಬರೆದರೆ ಅದು ಪಾಠದಿಂದಲೇ ಹುಟ್ಟಿದ ಉತ್ತರ. ಬಿಜ್ಜಳನೇ ತನ್ನ ಬಾಯಿಂದ ಆಜ್ಞೆ ಮಾಡಿದ ಎಂದು ಬರೆದರೆ? ಇಲ್ಲಿ ಒಂದು ಪರೀಕ್ಷೆ ಇಡಬೇಕು. ಪಾಠದ ಎರಡೂ ವಾಕ್ಯ ನಿಜವಾಗಿದ್ದು, ನನ್ನ ಉತ್ತರ ಮಾತ್ರ ಸುಳ್ಳಾಗಲು ಸಾಧ್ಯವಿದೆಯೇ? ಸಾಧ್ಯವಿದೆ, ಅವನ ಅಧಿಕಾರಿ ಯಾರೋ ಆಜ್ಞೆ ಮಾಡಿರಬಹುದು. ಹಾಗಿದ್ದರೆ ಆ ಉತ್ತರ ಪಾಠದ್ದಲ್ಲ, ನಮ್ಮದು.

ಹೀಗೆ ಮೂರು ಗುಂಪು ಆಗುತ್ತವೆ. ಪಾಠ ನೇರವಾಗಿ ಹೇಳಿದ್ದು ಒಂದು. ಎರಡು ವಾಕ್ಯ ಜೋಡಿಸಿದರೆ ತಪ್ಪದೆ ಸಿಗುವುದು ಇನ್ನೊಂದು. ನಾವು ಹೊರಗಿನಿಂದ ತಂದದ್ದು ಮೂರನೆಯದು. ಮಕ್ಕಳಿಗೆ ಸೀಸದಕಡ್ಡಿ ಕೊಟ್ಟು, ತಮ್ಮ ಉತ್ತರದ ಪ್ರತಿ ವಾಕ್ಯದ ಪಕ್ಕದಲ್ಲಿ ಪಾಠದ ಯಾವ ಸಾಲಿನಿಂದ ಬಂತೆಂದು ಅಂಕಿ ಹಾಕಲು ಹೇಳುತ್ತಿದ್ದೆ. ನೇರ ಉತ್ತರಕ್ಕೆ ಒಂದು ಅಂಕಿ, ಜೋಡಿಸಿದ್ದಕ್ಕೆ ಎರಡು ಅಂಕಿ. ಅಂಕಿ ಸಿಗದ ವಾಕ್ಯಕ್ಕೆ ಪ್ರಶ್ನೆಯ ಗುರುತು. ಹೊಡೆದು ಹಾಕುವುದು ಬೇಡ, ಗುರುತು ಸಾಕು. ನಮ್ಮ ಸೀಮೆಯ ಮಕ್ಕಳಿಗೆ ಇದನ್ನು ಮಗ್ಗದ ಮಾತಿನಲ್ಲಿ ಹೇಳಿದರೆ ಬೇಗ ತಿಳಿಯುತ್ತಿತ್ತು: ಹಾಸು ಪಾಠದ್ದು, ಹೊಕ್ಕು ನಿಮ್ಮದು, ಯಾವ ಎಳೆ ಯಾವುದೆಂದು ಗೊತ್ತಿರಬೇಕು.

ಇನ್ನು ಆ ಹುಡುಗಿಯ ಪ್ರಶ್ನೆಗೆ ಬರೋಣ. ಬಸವಣ್ಣನವರು ಹೋದದ್ದು ಏಕೆ? ಐದನೆಯ ವಾಕ್ಯ ಹೋದರು ಎನ್ನುತ್ತದೆ, ಏಕೆ ಎನ್ನುವುದಿಲ್ಲ. ನಾಲ್ಕರ ಮುಂದೆ ಐದು ಬಂದಿದೆ. ನಾವು ನಾಲ್ಕರಿಂದ ಐದು ಎಂದು ಓದಿಕೊಳ್ಳುತ್ತೇವೆ. ಕನ್ನಡದಲ್ಲಿ ಈ ತೊಡಕು ಹೆಚ್ಚು, ಏಕೆಂದರೆ "ಮದುವೆ ನಡೆದು ಗಲಭೆಯಾಯಿತು" ಎಂದರೆ ನಮ್ಮ ಕಿವಿಗೆ ಮದುವೆಯಿಂದಲೇ ಗಲಭೆ ಎಂದು ಕೇಳುತ್ತದೆ. "ನಡೆದು" ಎಂಬ ಮಾತು ಮೊದಲು ಯಾವುದು, ಆಮೇಲೆ ಯಾವುದು ಎಂದು ಹೇಳುತ್ತದೆಯೇ ಹೊರತು ಕಾರಣವನ್ನು ಹೇಳಲೇಬೇಕೆಂದಿಲ್ಲ. ಕಾರಣ ಹೇಳುವ ಮಾತುಗಳು ಬೇರೆ: ಆದ್ದರಿಂದ, ಏಕೆಂದರೆ, ಇದರ ಫಲವಾಗಿ. "ಏಕೆ" ಎಂಬ ಪ್ರಶ್ನೆ ಬಂದಾಗ ಮಗು ಮೊದಲು ಪಾಠದಲ್ಲಿ ಈ ಮಾತುಗಳನ್ನು ಹುಡುಕಬೇಕು. ಸಿಗದಿದ್ದರೆ ಪಾಠ ಕಾರಣ ಕೊಟ್ಟಿಲ್ಲ ಎಂದೇ ಅರ್ಥ.

ಈ ಪ್ರಸಂಗದಲ್ಲಿ ಅದು ಸಣ್ಣ ಮಾತಲ್ಲ. ಬಸವಣ್ಣನವರು ತಾವಾಗಿ ಹೊರಟರೋ, ಕಳಿಸಲ್ಪಟ್ಟರೋ, ದಂಡನೆಗೆ ಮುಂಚೆ ಹೋದರೋ, ಆಮೇಲೆ ಹೋದರೋ ಎಂಬಲ್ಲಿ ಕಥೆ ಹೇಳುವವರಲ್ಲೇ ಒಂದೇ ಮಾತಿಲ್ಲ. ಯಾವುದೋ ಒಂದನ್ನು ಪಾಠವೇ ಹೇಳಿದೆ ಎಂದು ಮಗು ನಂಬಿದರೆ, ಉಳಿದದ್ದು ಮುಂದೆ ಎದುರಾದಾಗ ಅದನ್ನು ಓದಿ ನೋಡುವ ಮನಸ್ಸು ಇರುವುದಿಲ್ಲ.

ಮೂರನೆಯ ವಾಕ್ಯದಲ್ಲಿ "ಪುರಾಣಗಳು ಹೇಳುತ್ತವೆ" ಎಂಬ ಮಾತಿದೆ. ಮಕ್ಕಳು ಉತ್ತರ ಬರೆಯುವಾಗ ಮೊದಲು ಬಿಡುವುದು ಈ ಮಾತನ್ನೇ. ಎನ್ನಲಾಗಿದೆ, ನಂಬಿಕೆಯಿದೆ, ಎಂಬ ಅಭಿಪ್ರಾಯವಿದೆ — ಇವೆಲ್ಲ ಬಾಲದ ಹಾಗೆ ಕೊನೆಗೆ ಬರುತ್ತವೆ, ಕತ್ತರಿಸಿದರೂ ವಾಕ್ಯ ನಿಲ್ಲುತ್ತದೆ. ಆದರೆ ಆ ಬಾಲದಲ್ಲೇ ಲೇಖಕ ತನ್ನ ಎಚ್ಚರ ಇಟ್ಟಿರುತ್ತಾನೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವನ್ನು ಭೀಮಕವಿ 1369ರಲ್ಲಿ ಕನ್ನಡಕ್ಕೆ ತಂದ. ಸೋಮನಾಥನ ಆ ಕೃತಿಯಲ್ಲಿ ಬಿಜ್ಜಳನು ಅಲ್ಲಯ್ಯ, ಮಧುವಯ್ಯ ಎಂಬ ಇಬ್ಬರು ಶರಣರ ಕಣ್ಣು ಕೀಳಿಸಿದ ಪ್ರಸಂಗವಿದೆ. ಮದುವೆಯ ಕಥೆ ಇಲ್ಲ. ಮದುವೆಯ ಕಥೆ ನಮಗೆ ಬಂದದ್ದು ನಂತರದ ಪುರಾಣಗಳಿಂದ. ಹಾಗಾಗಿ "ಹೇಳುತ್ತವೆ" ಎಂಬ ಒಂದು ಪದವನ್ನು ಉಳಿಸಿಕೊಂಡ ಮಗು ದೊಡ್ಡವನಾಗಿ ಈ ವ್ಯತ್ಯಾಸ ಕಂಡಾಗ ಗಾಬರಿಯಾಗುವುದಿಲ್ಲ.

ಅದೇ ವಾಕ್ಯದಿಂದ ಮಕ್ಕಳು ಇನ್ನೊಂದು ಉತ್ತರ ಬರೆಯುತ್ತಾರೆ: ಅದು ಅಂತರ್ಜಾತಿ ವಿವಾಹ. ನನ್ನ ಆರು ವಾಕ್ಯಗಳಲ್ಲಿ ಜಾತಿಯ ಮಾತೇ ಇಲ್ಲ. ಇಲ್ಲಿ ನಾವು ಲಿಂಗಾಯತರು ವಿಶೇಷವಾಗಿ ಎಚ್ಚರವಾಗಿರಬೇಕು. ಇಬ್ಬರೂ ಇಷ್ಟಲಿಂಗ ಧರಿಸಿದ ಮೇಲೆ ಶರಣರ ಕಣ್ಣಿಗೆ ಅಲ್ಲಿ ಎರಡು ಜಾತಿ ಇರಲಿಲ್ಲ. ಎರಡು ಜಾತಿ ಕಂಡದ್ದು ವಿರೋಧಿಸಿದವರಿಗೆ. ಪಾಠದಲ್ಲಿ ಇಲ್ಲದ ಪದವನ್ನು ಸೇರಿಸುವಾಗ ನಾವು ಯಾರ ಕಣ್ಣನ್ನೂ ಜೊತೆಗೆ ತರುತ್ತಿದ್ದೇವೆ ಎಂಬುದನ್ನು ನೋಡಿಕೊಳ್ಳಬೇಕು.

ಈಗ ಯಾರಾದರೂ ಕೇಳಬಹುದು: ಪಾಠವೇ ತಪ್ಪಿದ್ದರೆ? ಒಳ್ಳೆಯ ಪ್ರಶ್ನೆ. 2022ರಲ್ಲಿ ಒಂಬತ್ತನೆಯ ತರಗತಿಯ ಸಮಾಜವಿಜ್ಞಾನ ಪುಸ್ತಕ ಪರಿಷ್ಕಾರವಾದಾಗ ಬಸವಣ್ಣನವರ ಪಾಠದ ಬಗ್ಗೆ ನಾಡಿನ ಮಠಾಧೀಶರು ದನಿ ಎತ್ತಿದ್ದು ನಿಮಗೆ ನೆನಪಿದೆ. ಉಪನಯನವನ್ನು ಒಲ್ಲದೆ ಹೊರಟರು ಎಂಬ ಅರ್ಥ ಹೋಗಿ, ಉಪನಯನವಾದ ಬಳಿಕ ಕೂಡಲಸಂಗಮಕ್ಕೆ ಹೋದರು ಎಂಬ ಅರ್ಥ ಬಂದಿತ್ತು. ಸರಕಾರ ತಿದ್ದಲು ಒಪ್ಪಿತು. ಆ ಹೋರಾಟ ನಿಂತದ್ದು ಪಾಠ ಏನು ಹೇಳುತ್ತದೆ ಎಂಬುದನ್ನು ಪದ ಪದ ಓದಿದ್ದರ ಮೇಲೆ. "ಒಲ್ಲದೆ" ಎಂಬುದಕ್ಕೂ "ಬಳಿಕ" ಎಂಬುದಕ್ಕೂ ಇರುವ ಅಂತರ ಕಂಡವರು ಮಾತ್ರ ಆಕ್ಷೇಪಿಸಬಲ್ಲರು. ಮನೆಯಲ್ಲಿ ಕೇಳಿದ ಕಥೆಯನ್ನೇ ಪುಟದ ಮೇಲೆ ಕಾಣುವವನಿಗೆ ಪುಟ ಬದಲಾದದ್ದೇ ತಿಳಿಯುವುದಿಲ್ಲ. ಅವನು ಜನಿವಾರ ಬಿಟ್ಟರು ಎಂದು ಬರೆದು, ಪಾಠದಲ್ಲೂ ಹಾಗೇ ಇದೆ ಎಂದುಕೊಂಡು ಮುಂದೆ ಹೋಗುತ್ತಾನೆ.

ಆದ್ದರಿಂದ ಪಾಠದಲ್ಲಿ ಏನಿದೆ ಎಂಬುದು ಒಂದು ಪ್ರಶ್ನೆ, ಅದು ಸರಿಯೇ ಎಂಬುದು ಎರಡನೆಯ ಪ್ರಶ್ನೆ. ಮೊದಲನೆಯದನ್ನು ಮುಗಿಸದೆ ಎರಡನೆಯದಕ್ಕೆ ಕೈ ಹಾಕಬಾರದು. ಮಗುವಿಗೆ ಬೇರೆ ಗೊತ್ತಿದ್ದರೆ ಅದನ್ನೂ ಬರೆಯಲಿ: ಪಾಠದಲ್ಲಿ ಹೀಗಿದೆ, ಪ್ರವಚನದಲ್ಲಿ ನಾನು ಹೀಗೆ ಕೇಳಿದ್ದೇನೆ. ಎರಡು ವಾಕ್ಯ, ಎರಡು ಮೂಲ.

ಇದಕ್ಕೆ ಮಿತಿಯೂ ಇದೆ. "ಗುಂಪಿನಲ್ಲಿ ಚರ್ಚಿಸಿ", "ನಿಮ್ಮ ಅಭಿಪ್ರಾಯವೇನು" ಎಂಬ ಪ್ರಶ್ನೆಗಳು ಮಗುವಿನ ಸ್ವಂತ ಮಾತನ್ನೇ ಕೇಳುತ್ತವೆ. ಅಲ್ಲಿ ಪ್ರತಿ ವಾಕ್ಯಕ್ಕೂ ಸಾಲಿನ ಅಂಕಿ ಹುಡುಕುತ್ತ ಕೂತರೆ ಉತ್ತರವೇ ಬರುವುದಿಲ್ಲ. ದೊಡ್ಡ ಪರೀಕ್ಷೆಯಲ್ಲಿ ಬರೀ "ಪಾಠ ಹೇಳಿಲ್ಲ" ಎಂದು ಬರೆದರೆ ಅಂಕ ಹೋಗಬಹುದು. ಅದಕ್ಕೆ ಮೊದಲು ಪಾಠದಲ್ಲಿರುವ ಘಟನೆಗಳನ್ನು ಕ್ರಮವಾಗಿ ಬರೆದು, ಕೊನೆಗೆ ಕಾರಣವನ್ನು ನೇರವಾಗಿ ಹೇಳಿಲ್ಲ ಎಂದು ಸೇರಿಸಲು ಹೇಳುತ್ತಿದ್ದೆ. ನಮ್ಮಂಥ ಶಿಕ್ಷಕರು ಮಾಡಬೇಕಾದದ್ದು ಇನ್ನೂ ಸರಳ: ಮಾದರಿ ಉತ್ತರ ಬರೆಯುವಾಗ ನಮ್ಮ ವಾಕ್ಯಗಳಿಗೂ ಸಾಲಿನ ಅಂಕಿ ಹಾಕಿ ನೋಡುವುದು.

ಆ ಹುಡುಗಿಗೆ ಅಂದು ಎರಡು ಅಂಕ ತಿದ್ದಿ ಕೊಟ್ಟೆ. ಉಳಿದ ಮೂವತ್ತು ಮಕ್ಕಳ ಅಂಕ ಕಳೆಯಲಿಲ್ಲ, ಏಕೆಂದರೆ ತಪ್ಪು ಅವರಿಗಿಂತ ಹೆಚ್ಚು ನನ್ನದು. ಅವರ ಉತ್ತರದ ಪಕ್ಕದಲ್ಲಿ ಒಂದೊಂದು ಪ್ರಶ್ನೆಯ ಗುರುತು ಹಾಕಿದೆ. ಮೊದಲ ಗುರುತು ಹಾಕಿದ್ದು ಮಾತ್ರ ನನ್ನ ಮಾದರಿ ಉತ್ತರದ ಹಾಳೆಯ ಮೇಲೆ.