ಫ್ರಿಜ್ ಮೇಲಿನ ಒಂದು ಹಾಳೆ: ಮಗ-ಸೊಸೆ ಎರಡು ದಿನ ಊರಿಗೆ ಹೋದಾಗ



ಮಸ್ಕತ್‌ನಲ್ಲಿ ಸೆಖೆ ಜೋರಾದಾಗ ಸಲಾಲಾದಲ್ಲಿ ಖರೀಫ್ ಮಳೆ. ಗುರುವಾರ ರಾತ್ರಿ ಹೊರಟು ಶನಿವಾರ ವಾಪಸು ಬರುತ್ತೇವೆ ಎಂದು ಮಗ-ಸೊಸೆ ಹೇಳುತ್ತಾರೆ. ಮೊಮ್ಮಕ್ಕಳ ಜೊತೆ ನೀವು ಮನೆಯಲ್ಲಿ. ನಿಮ್ಮಿಬ್ಬರನ್ನೂ ನೋಡಿಕೊಳ್ಳಲು ಸೊಸೆಯ ತಂಗಿ ಬರುತ್ತಾಳೆ. ಅವಳಿಗಾಗಿ ಒಂದು ಹಾಳೆ ಬರೆದಿಡುತ್ತಾರೆ: ಮಕ್ಕಳ ಊಟ, ಗ್ಯಾಸ್, ವೈಫೈ. ಕೊನೆಗೆ ಒಂದು ಸಾಲು: "ಅಮ್ಮನಿಗೆ ಬೆಳಿಗ್ಗೆ ಎರಡು ಮಾತ್ರೆ."

ಈ ಒಂದು ಸಾಲು ಸಾಲದು. ಯಾಕೆ ಎಂದು ಒಂದು ಉದಾಹರಣೆಯಿಂದ ಹೇಳುತ್ತೇನೆ.

ಅಜ್ಜಿಗೆ 72 ವರ್ಷ, ಸಕ್ಕರೆ ಕಾಯಿಲೆ. ಆ ಎರಡು ಮಾತ್ರೆಗಳು ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್. ಶುಕ್ರವಾರ ಏಕಾದಶಿ. ಹುಡುಗಿ ಮಾತ್ರೆ ಕೊಟ್ಟಳು, ಅಜ್ಜಿ ನುಂಗಿದರು, ತಿಂಡಿ ತಿನ್ನಲಿಲ್ಲ. ಹನ್ನೊಂದು ಗಂಟೆಗೆ ಬೆವರು, ಕೈನಡುಕ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ. ಹುಡುಗಿ ಸೆಖೆ ಎಂದುಕೊಂಡು ಎಸಿ ಹೆಚ್ಚು ಮಾಡಿದಳು. ಗ್ಲುಕೋಮೀಟರ್ 2.9 ತೋರಿಸಿತು. ಅವಳಿಗೆ ಗೊತ್ತಿದ್ದದ್ದು ಊರಿನ 110, 140ರ ಲೆಕ್ಕ. ಯಂತ್ರ ಕೆಟ್ಟಿದೆ ಎಂದು ಪಕ್ಕಕ್ಕಿಟ್ಟಳು.

ಯಂತ್ರ ಕೆಟ್ಟಿರಲಿಲ್ಲ. ನಮ್ಮೂರಲ್ಲಿ ಸಕ್ಕರೆಯನ್ನು mg/dL ಎಂದು ಅಳೆಯುತ್ತೇವೆ, ಇಲ್ಲಿಯ ವರದಿಗಳಲ್ಲಿ ಸಾಮಾನ್ಯವಾಗಿ mmol/L ಇರುತ್ತದೆ. ಇಲ್ಲಿಯ ಅಂಕಿಯನ್ನು 18ರಿಂದ ಗುಣಿಸಿದರೆ ನಮ್ಮ ಅಂಕಿ ಸಿಗುತ್ತದೆ. 2.9 ಎಂದರೆ ಸುಮಾರು 52. ಎಪ್ಪತ್ತಕ್ಕಿಂತ, ಅಂದರೆ ಇಲ್ಲಿಯ 3.9ಕ್ಕಿಂತ ಕಡಿಮೆಯಾದರೆ ಸಕ್ಕರೆ ಇಳಿದಿದೆ ಎಂದರ್ಥ. ನಿಮ್ಮ ಮೀಟರ್ ಯಾವುದನ್ನು ತೋರಿಸುತ್ತದೆ ಎಂದು ಇವತ್ತೇ ನೋಡಿಕೊಳ್ಳಿ. ಹಾಳೆಯಲ್ಲಿ ಆ ಅಂಕಿಯನ್ನೇ ಬರೆಯಿರಿ.

ಇನ್ನು ಮಾತ್ರೆಯ ವಿಷಯ. ಮೆಟ್‌ಫಾರ್ಮಿನ್ ಒಂದರಿಂದಲೇ ಸಕ್ಕರೆ ಇಷ್ಟು ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ. ನೀವು ಉಂಡಿರಲಿ, ಬಿಡಲಿ, ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಆದ್ದರಿಂದ "ಬೆಳಿಗ್ಗೆ ಎರಡು ಮಾತ್ರೆ" ಎಂದು ಬರೆಯಬೇಡಿ. ಹೀಗೆ ಬರೆಯಿರಿ:

"ಗ್ಲಿಮೆಪಿರೈಡ್: ತಿಂಡಿಯ ತಟ್ಟೆ ಮುಂದೆ ಬಂದ ಮೇಲೆ ಮಾತ್ರ. ತಿಂಡಿ ಇಲ್ಲದಿದ್ದರೆ, ವಾಂತಿ ಆಗುತ್ತಿದ್ದರೆ, ಕೊಡಬೇಡ. ನನಗೆ ಫೋನ್ ಮಾಡು.

ಅಮ್ಮ ಬೆವರಿದರೆ, ನಡುಗಿದರೆ, ತಡವರಿಸಿದರೆ: ಮೊದಲು ಸಕ್ಕರೆ ನೋಡು. 3.9ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸು. ಮೀಟರ್ ಸಿಗದಿದ್ದರೂ ಕುಡಿಸು. 15 ನಿಮಿಷ ಬಿಟ್ಟು ಮತ್ತೆ ನೋಡು. ಏರದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡು. ಏರಿದ ಮೇಲೆ ಊಟ ಮಾಡಿಸು, ಆಸ್ಪತ್ರೆಗೆ ಕರೆದುಕೊಂಡು ಹೋಗು.

ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕಬೇಡ. ಪಕ್ಕಕ್ಕೆ ಮಲಗಿಸಿ 9999ಕ್ಕೆ ಫೋನ್ ಮಾಡು."

ಸಕ್ಕರೆ ಏರಿ ಅಜ್ಜಿ ಚೆನ್ನಾಗಿ ಮಾತನಾಡುತ್ತಿರುವಾಗ ಆಸ್ಪತ್ರೆ ಯಾಕೆ ಎಂದು ನೀವು ಕೇಳಬಹುದು. ಈ ಮಾತ್ರೆಯ ಪರಿಣಾಮ ಇಡೀ ದಿನ ಇರುತ್ತದೆ. ವಯಸ್ಸಾದವರಲ್ಲಿ, ಕಿಡ್ನಿ ಸ್ವಲ್ಪ ದುರ್ಬಲವಾಗಿದ್ದರೆ, ಇನ್ನೂ ಹೆಚ್ಚು ಹೊತ್ತು. ಮಧ್ಯಾಹ್ನ ಸರಿಹೋದ ಸಕ್ಕರೆ ರಾತ್ರಿ ನಿದ್ದೆಯಲ್ಲಿ ಮತ್ತೆ ಇಳಿಯಬಹುದು.

ಇದೇ ಮಾತ್ರೆಯಿಂದ ಮೊಮ್ಮಗುವಿಗೂ ಅಪಾಯ. ನಾವು ಹಿರಿಯರು ಮಾತ್ರೆಗಳನ್ನು ದಿಂಬಿನ ಪಕ್ಕ, ಹ್ಯಾಂಡ್‌ಬ್ಯಾಗ್‌ನಲ್ಲಿ, ವಾರದ ಡಬ್ಬಿಯಲ್ಲಿ ಇಡುತ್ತೇವೆ. ಪುಟ್ಟ ಮಗು ಪೆಪ್ಪರಮಿಂಟ್ ಎಂದುಕೊಂಡು ಒಂದೇ ಒಂದು ಗ್ಲಿಮೆಪಿರೈಡ್ ನುಂಗಿದರೂ ಸಕ್ಕರೆ ಅಪಾಯಕರವಾಗಿ ಇಳಿಯಬಹುದು, ಅದೂ ಕೆಲವು ಗಂಟೆ ಕಳೆದ ಮೇಲೆ. ಹಾಗಾಗಿ ಹಾಳೆಯಲ್ಲಿ ಇನ್ನೊಂದು ಸಾಲು ಸೇರಿಸಿ: "ಮಗು ಅಮ್ಮನ ಮಾತ್ರೆ ನುಂಗಿದ ಅನುಮಾನ ಬಂದರೆ, ಆಡುತ್ತಿದ್ದರೂ ಸರಿ, ಕೂಡಲೇ ಆಸ್ಪತ್ರೆಗೆ. ಮಾತ್ರೆಯ ಸ್ಟ್ರಿಪ್ ಜೊತೆಗಿರಲಿ." ಎರಡು ದಿನ ಡಬ್ಬಿಯನ್ನು ಮೇಲಿನ ಕಪಾಟಿನಲ್ಲಿ ಇಡಿ.

ಹಾಳೆಯ ತಲೆಯಲ್ಲಿ ಮನೆಯ ವಿಳಾಸ ಇರಲಿ: ಬಡಾವಣೆ, ವೇ ನಂಬರ್, ಕಟ್ಟಡದ ನಂಬರ್, ಫ್ಲಾಟ್, ಹತ್ತಿರದ ಮಸೀದಿ ಅಥವಾ ಪೆಟ್ರೋಲ್ ಬಂಕ್. ಬೇರೆ ಊರಿನಿಂದ ಬಂದ ಹುಡುಗಿಗೆ ಗಾಬರಿಯಲ್ಲಿ ಇದು ನೆನಪಾಗುವುದಿಲ್ಲ. ಹಾಳೆಯ ಹಿಂದೆ ಒಂದು ಕವರ್ ಅಂಟಿಸಿ, ನಿಮ್ಮ ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿ, ವಿಮೆ ಇದ್ದರೆ ಅದರ ಕಾಗದ, ಡಾಕ್ಟರರ ಚೀಟಿ ಅದರಲ್ಲಿಡಿ.

ಒಂದು ಮಾತು ನಿಮಗೇ. ಉಪವಾಸ ಇದ್ದರೆ ಹುಡುಗಿಗೆ ಹಿಂದಿನ ದಿನವೇ ಹೇಳಿ. ಅವಳಿಗೆ ತೊಂದರೆ ಕೊಡಬಾರದೆಂದು ಸುಮ್ಮನಿರಬೇಡಿ. ಆ ದಿನ ಯಾವ ಮಾತ್ರೆ ಬಿಡಬೇಕು ಎಂದು ನಿಮ್ಮ ಡಾಕ್ಟರರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಮಾತ್ರೆಯ ಸ್ಟ್ರಿಪ್‌ಗಳನ್ನು ತಂದಿದ್ದರೆ ನನ್ನ ಮೇಜಿಗೆ ಬನ್ನಿ. ನಿಮ್ಮ ಮಾತ್ರೆಗಳಲ್ಲಿ ಈ ಜಾತಿಯದು ಯಾವುದಾದರೂ ಇದೆಯೇ ನೋಡಿ, ಅದರ ಹೆಸರನ್ನು ಕನ್ನಡದಲ್ಲಿ ಬರೆದುಕೊಡುತ್ತೇನೆ.