ಚಾವಿ ವಾಚು, ಸೆಲ್ ವಾಚು: ಇಪ್ಪತ್ತು ವರ್ಷದ ಲೆಕ್ಕ

ಇವತ್ತು ನನ್ನ ಮುಂದೆ ಮೇಜಿನ ಮೇಲೆ ಎರಡು ವಾಚಿದೆ. ಒಂದು ಎಚ್‌ಎಂಟಿ ಜನತಾ, ದಿನಾ ಚಾವಿ ಕೊಡಬೇಕಾದದ್ದು. ಛತ್ರಪತಿ ಸಂಭಾಜಿನಗರದಲ್ಲಿರೋ ನಮ್ಮ ಕನ್ನಡದ ಸ್ನೇಹಿತರೊಬ್ಬರದು. ಅವರ ತಂದೆ ಬೆಂಗಳೂರಲ್ಲಿದ್ದಾಗ ಕೊಂಡಿದ್ದಂತೆ. ಇನ್ನೊಂದು ನಾನು ನಾಸಿಕ್‌ನಲ್ಲಿ ದಿನಾ ಕಟ್ಟೋ ಸಾಧಾರಣ ಸೆಲ್ ವಾಚು, ಅಂದರೆ ಕ್ವಾರ್ಟ್ಜ್. ಸ್ನೇಹಿತರ ಪ್ರಶ್ನೆ ನೇರವಾಗಿತ್ತು: "ಇದನ್ನ ಸರ್ವೀಸ್ ಮಾಡಿಸಿ ಕಟ್ಟಲಾ, ಇಲ್ಲಾ ಕಪಾಟಲ್ಲೇ ಇಟ್ಟು ಒಂದು ಸೆಲ್ ವಾಚು ತಗೊಳ್ಳಲಾ? ಯಾವುದು ಅಗ್ಗ ಬೀಳುತ್ತೆ?" ಈ ಮಾತು ಪೂರ್ತಿ ಅದಕ್ಕೆ ಉತ್ತರ.

ಮೊದಲು ವಾಚಿನ ಹಿನ್ನೆಲೆ ಎರಡು ಮಾತಲ್ಲಿ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಬೆಂಗಳೂರಲ್ಲಿ ವಾಚು ಕಾರ್ಖಾನೆ ಶುರು ಮಾಡಿತು. ಜನತಾ ಒಳಗಿರೋ ಮೂವ್‌ಮೆಂಟಿನ ನಂಬರ್ 0231, ಹದಿನೇಳು ಜ್ಯುವೆಲ್. ಪೈಲಟ್ ಅನ್ನೋ ಮಾಡೆಲ್‌ನಲ್ಲೂ ಇದೇ ಮೂವ್‌ಮೆಂಟ್ ಇದೆ. ಈ ಮಾತು ನೆನಪಿರಲಿ, ಖರ್ಚಿನ ಲೆಕ್ಕಕ್ಕೆ ಬರುವಾಗ ಬೇಕಾಗುತ್ತೆ. ಎಚ್‌ಎಂಟಿ ವಾಚಸ್ ಕಂಪನಿಯನ್ನ ಮುಚ್ಚೋ ತೀರ್ಮಾನವನ್ನ ಕೇಂದ್ರ ಸರ್ಕಾರ 2016ರಲ್ಲಿ ತಗೊಂಡಿತು.

ಈಗ ಟೈಮಿನ ವಿಷಯ. ಯಾವ ವಾಚೇ ಆಗಲಿ, ಒಳಗೆ ಏನೋ ಒಂದು ಸಮವಾಗಿ ಅಲ್ಲಾಡ್ತಾ ಇರಬೇಕು, ಅದನ್ನ ಎಣಿಸಬೇಕು. ಅಷ್ಟೇ ಕೆಲಸ. ಜನತಾದಲ್ಲಿ ಅಲ್ಲಾಡೋದು ಬ್ಯಾಲೆನ್ಸ್ ಚಕ್ರ. ಕೂದಲಿನಷ್ಟು ತೆಳು ಸ್ಪ್ರಿಂಗ್ ಅದನ್ನ ಆ ಕಡೆ ಈ ಕಡೆ ತಿರುಗಿಸುತ್ತೆ. ಸೆಕೆಂಡಿಗೆ ಐದು ಬಡಿತ. ದಿನಕ್ಕೆ 4,32,000 ಬಡಿತ. ಸೆಲ್ ವಾಚಲ್ಲಿ ಅಲ್ಲಾಡೋದು ಶ್ರುತಿಕವಲಿನ ಆಕಾರದ ಪುಟ್ಟ ಕ್ವಾರ್ಟ್ಜ್ ಹರಳು, ಸೆಕೆಂಡಿಗೆ 32,768 ಸಲ. ಸರ್ಕ್ಯೂಟು ಆ ಸಂಖ್ಯೆಯನ್ನ ಹದಿನೈದು ಸಲ ಅರ್ಧ ಮಾಡ್ತಾ ಬಂದರೆ ಸರಿಯಾಗಿ ಒಂದು ಉಳಿಯುತ್ತೆ. ಅದೇ ಆ ಸೆಕೆಂಡ್ ಮುಳ್ಳಿನ ಒಂದು ನೆಗೆತ.

ಬ್ಯಾಲೆನ್ಸ್ ಚಕ್ರಕ್ಕೆ ಒಂದು ತೊಂದರೆ ಇದೆ. ಅದಕ್ಕೆ ಭೂಮಿಯ ಸೆಳೆತ ಗೊತ್ತಾಗುತ್ತೆ. ವಾಚನ್ನ ಅಂಗಾತ ಇಟ್ಟರೆ ಚಕ್ರ ಒಂದು ಪಿವಟ್ ತುದಿ ಮೇಲೆ ಬುಗುರಿ ತರಹ ತಿರುಗುತ್ತೆ, ಘರ್ಷಣೆ ಕಡಿಮೆ. ನಿಲ್ಲಿಸಿಟ್ಟರೆ ಎರಡೂ ಪಿವಟ್‌ಗಳ ಪಕ್ಕ ಕಲ್ಲಿಗೆ ಉಜ್ಜುತ್ತೆ, ಘರ್ಷಣೆ ಜಾಸ್ತಿ. ಹಾಗಾಗಿ ಒಂದೇ ವಾಚು ಮೇಜಿನ ಮೇಲೆ ಒಂದು ರೀತಿ, ಕೈ ಮೇಲೆ ಇನ್ನೊಂದು ರೀತಿ ಓಡುತ್ತೆ. ಹರಳಿಗೆ ಈ ಗೋಳಿಲ್ಲ. ಅದಕ್ಕಿರೋ ಗೋಳು ಬಿಸಿ ಮತ್ತು ಚಳಿ.

ಇದು ನಮ್ಮ ಕಡೆಯವರಿಗೆ ಗೊತ್ತಿರಬೇಕಾದ ವಿಷಯ. ಈ ಹರಳು ಸುಮಾರು 25 ಡಿಗ್ರಿಯಲ್ಲಿ ಅತಿ ವೇಗವಾಗಿ ಓಡೋ ಹಾಗೆ ಕತ್ತರಿಸಿರ್ತಾರೆ. ಅದಕ್ಕಿಂತ ಬಿಸಿಯಾದರೂ ನಿಧಾನ ಆಗುತ್ತೆ, ತಣ್ಣಗಾದರೂ ನಿಧಾನ ಆಗುತ್ತೆ. ಸಂಭಾಜಿನಗರದ ಏಪ್ರಿಲ್ ಬಿಸಿಲಿಗೆ 40 ಡಿಗ್ರಿ ಮುಟ್ಟಿದ ಕೋಣೆ, ನಾಸಿಕ್‌ನ ಜನವರಿ ರಾತ್ರಿಯ 10 ಡಿಗ್ರಿ, ಎರಡರಲ್ಲೂ ದಿನಕ್ಕೆ ಸುಮಾರು ಮುಕ್ಕಾಲು ಸೆಕೆಂಡು ಹಿಂದೆ ಬೀಳುತ್ತೆ. ತಿಂಗಳೆಲ್ಲ ಹಾಗೇ ಇದ್ದರೆ 20 ಸೆಕೆಂಡು. ಕೈಗೆ ಕಟ್ಟಿಕೊಂಡರೆ ಮೈ ಶಾಖ ಅದನ್ನ ಮೂವತ್ತರ ಆಸುಪಾಸಲ್ಲಿ ಇಡುತ್ತೆ, ವ್ಯತ್ಯಾಸ ತೀರಾ ಕಮ್ಮಿ. ಅಂದರೆ ಸೆಲ್ ವಾಚು ಕಪಾಟಿಗಿಂತ ಕೈ ಮೇಲೇ ಚೆನ್ನಾಗಿ ಟೈಮ್ ತೋರಿಸುತ್ತೆ.

ಈಗ ಸ್ನೇಹಿತರ ಜನತಾ. ನಾಸಿಕ್‌ನಲ್ಲಿ ನಾವು ಕಾಕಾ ಅಂತ ಕರೆಯೋ ಹಿರಿಯ ರಿಪೇರಿಯವರ ಹತ್ತಿರ ತಗೊಂಡು ಹೋದೆ. ಟೈಮಿಂಗ್ ಮಷೀನ್ ಮೇಲೆ ಇಟ್ಟರು. ಅದು ಟಿಕ್ ಟಿಕ್ ಸದ್ದು ಕೇಳಿಸಿಕೊಂಡು ವಾಚು ದಿನಕ್ಕೆ ಎಷ್ಟು ಹಿಂದೆ ಮುಂದೆ, ಚಕ್ರ ಎಷ್ಟು ಡಿಗ್ರಿ ತಿರುಗ್ತಿದೆ ಅಂತ ಹೇಳುತ್ತೆ. ಚಕ್ರ ಎಷ್ಟು ಡಿಗ್ರಿ ತಿರುಗುತ್ತೆ ಅನ್ನೋದಕ್ಕೆ ಆಂಪ್ಲಿಟ್ಯೂಡ್ ಅಂತ ಹೆಸರು. ಪೂರ್ತಿ ಚಾವಿ ಕೊಟ್ಟಾಗ ಅಂಗಾತ ಇಟ್ಟರೆ 190 ಡಿಗ್ರಿ, ದಿನಕ್ಕೆ 40 ಸೆಕೆಂಡು ಹಿಂದೆ. ನಿಲ್ಲಿಸಿಟ್ಟರೆ 150 ಡಿಗ್ರಿ, ಎರಡೂವರೆ ನಿಮಿಷ ಹಿಂದೆ. ಕಾಕಾ ತಲೆ ಅಲ್ಲಾಡಿಸಿ, "ಏನೂ ಮುರಿದಿಲ್ಲ, ಎಣ್ಣೆ ಒಣಗಿದೆ ಅಷ್ಟೇ" ಅಂದರು. ಹೇಗೆ ಗೊತ್ತಾಯ್ತು? ಚಕ್ರ ಸೋತಿದೆ, ನಿಲ್ಲಿಸಿದಾಗ ಇನ್ನೂ ಸೋಲುತ್ತೆ. ಘರ್ಷಣೆ ಜಾಸ್ತಿಯಾದ ವಾಚಿನ ಲಕ್ಷಣ ಇದು. ಅದೇ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡಿದ್ದರೆ ಮೊದಲ ಅನುಮಾನ ಎಣ್ಣೆ ಮೇಲಲ್ಲ, ಆಯಸ್ಕಾಂತದ ಮೇಲೆ. ಸ್ಪೀಕರ್, ಮೊಬೈಲ್ ಕವರಿನ ಮ್ಯಾಗ್ನೆಟ್ ಹತ್ತಿರ ಇಟ್ಟರೆ ಕೂದಲು ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ತವೆ. ಅದಕ್ಕೆ ಸರ್ವೀಸ್ ಬೇಡ, ಡಿಮ್ಯಾಗ್ನೆಟೈಸರ್ ಮೇಲೆ ಒಂದು ನಿಮಿಷ ಹಿಡಿದರೆ ಸಾಕು.

ಸರ್ವೀಸ್ ಅಂದರೆ ಏನು ಅಂತ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ದುಡ್ಡು ಹೋಗೋದು ಇಲ್ಲೇ. ಮೊದಲು ಸ್ಪ್ರಿಂಗಿನ ಬಿಗಿ ಪೂರ್ತಿ ಇಳಿಸಬೇಕು. ಆಮೇಲೆ ಪ್ರತಿ ಚಕ್ರ, ಪ್ರತಿ ಸೇತುವೆ ಬಿಚ್ಚಿ ಬೇರೆ ಮಾಡಿ ದ್ರಾವಣದಲ್ಲಿ ತೊಳೀಬೇಕು. ಕಲ್ಲಿನ ತೂತುಗಳನ್ನ ಚೂಪು ಮಾಡಿದ ಮರದ ಕಡ್ಡಿಯಿಂದ ಒಂದೊಂದಾಗಿ ಒರೆಸಬೇಕು, ಹಳೇ ಎಣ್ಣೆ ಅಲ್ಲೇ ಗಟ್ಟಿಯಾಗಿರುತ್ತೆ. ಜೋಡಿಸುವಾಗ ಚಾವಿ ಕಡೆ ಗಟ್ಟಿ ಗ್ರೀಸು, ಓಡೋ ಚಕ್ರಗಳಿಗೆ ತೆಳು ಎಣ್ಣೆ, ಅದೂ ಸೂಜಿ ತುದಿಯಷ್ಟು. ಪ್ಯಾಲೆಟ್ ಫೋರ್ಕಿನ ಪಿವಟ್‌ಗಳಿಗೆ ಎಣ್ಣೆ ಹಾಕಲೇಬಾರದು. ಕೆಲವು ಕಡೆ ಮೂವ್‌ಮೆಂಟನ್ನ ಬಿಚ್ಚದೆ ಇಡಿಯಾಗಿ ಪೆಟ್ರೋಲಲ್ಲಿ ಅದ್ದಿ, ಮೇಲೆ ಎರಡು ಹನಿ ಎಣ್ಣೆ ಬಿಟ್ಟು ಸರ್ವೀಸ್ ಅಂತಾರೆ. ವಾಚು ಓಡುತ್ತೆ, ಒಂದೆರಡು ವಾರ ಚೆನ್ನಾಗೇ ಓಡುತ್ತೆ. ಆದರೆ ಕೊಳೆ ಕರಗಿ ಹೊಸ ಎಣ್ಣೆ ಜೊತೆ ಸೇರಿ ಸಾಣೆಹಿಟ್ಟಿನ ಹಾಗೆ ಪಿವಟ್‌ಗಳನ್ನ ಸವೆಸುತ್ತೆ. ನೀವು ಕೇಳಬೇಕಾದದ್ದು ಎರಡೇ ಪ್ರಶ್ನೆ: "ಪೂರ್ತಿ ಬಿಚ್ಚುತ್ತೀರಾ? ಆಮೇಲೆ ಮಷೀನಿನ ಮೇಲೆ ಅಂಗಾತ ಇಟ್ಟೂ ನಿಲ್ಲಿಸಿಯೂ ತೋರಿಸುತ್ತೀರಾ?"

ಕಾಕಾ ಬಿಚ್ಚಿದರು. ನಾಲ್ಕು ದಿನದ ಮೇಲೆ ವಾಪಸ್ ಬಂತು. ಅಂಗಾತ 270 ಡಿಗ್ರಿ, ನಿಲ್ಲಿಸಿದಾಗ 235. ಮೂವತ್ತು ದಿನ ಒಂದು ಕೈಗೆ ಜನತಾ, ಇನ್ನೊಂದು ಕೈಗೆ ಸೆಲ್ ವಾಚು ಕಟ್ಟಿದೆ. ಜನರು ನಕ್ಕರು, ಇರಲಿ. ಪ್ರತಿದಿನ ಬೆಳಿಗ್ಗೆ ಒಂದೇ ಹೊತ್ತಿಗೆ ಜನತಾಗೆ ಚಾವಿ. ತಿಂಗಳ ಕೊನೆಗೆ ಜನತಾ 2 ನಿಮಿಷ 40 ಸೆಕೆಂಡು ಮುಂದೆ. ಸೆಲ್ ವಾಚು 6 ಸೆಕೆಂಡು ಮುಂದೆ. ಟೈಮಿನ ವಿಷಯದಲ್ಲಿ ಸ್ಪರ್ಧೆಯೇ ಇಲ್ಲ, ಸೆಲ್ ವಾಚು ಗೆದ್ದಿತು. ಆದರೆ ಜನತಾದ ತಪ್ಪು ಎಷ್ಟು ನೋಡಿ: ದಿನಕ್ಕೆ ಐದು ಸೆಕೆಂಡು ಚಿಲ್ಲರೆ. 4,32,000 ಬಡಿತದಲ್ಲಿ ಹೆಚ್ಚಾದದ್ದು ಸುಮಾರು 27. ಸ್ವಿಟ್ಜರ್ಲೆಂಡಿನಲ್ಲಿ ಕ್ರೋನೋಮೀಟರ್ ಅಂತ ಸರ್ಟಿಫಿಕೇಟ್ ಕೊಡೋದಕ್ಕೆ ಸಾಮಾನ್ಯ ಗಾತ್ರದ ಮೂವ್‌ಮೆಂಟಿಗೆ ಇಟ್ಟಿರೋ ಸರಾಸರಿ ಮಿತಿ ದಿನಕ್ಕೆ ಮೈನಸ್ 4ರಿಂದ ಪ್ಲಸ್ 6. ಅಂದಮೇಲೆ ಜನತಾನೂ ಕ್ರೋನೋಮೀಟರ್ ಅನ್ನಬೇಡಿ. ನಮ್ಮದು ಸರಾಸರಿ ಮಾತ್ರ. ಕೆಲವು ದಿನ 15 ಸೆಕೆಂಡು ಮುಂದೆ, ಕೆಲವು ದಿನ 6 ಹಿಂದೆ, ಒಂದನ್ನೊಂದು ಹೊಡೆದು ಹಾಕಿದವು. ಆ ಪರೀಕ್ಷೆಯಲ್ಲಿ ದಿನದಿಂದ ದಿನಕ್ಕೆ ಎಷ್ಟು ಏರುಪೇರು ಅನ್ನೋದನ್ನೂ, ಬಿಸಿ ಚಳಿಯಲ್ಲಿ ಎಷ್ಟು ಬದಲಾಗುತ್ತೆ ಅನ್ನೋದನ್ನೂ ಅಳೀತಾರೆ.

ಇನ್ನು ದುಡ್ಡು. ಕಾಕಾ ನನಗೆ ಹೇಳಿದ ದರ ಇಟ್ಕೊಂಡು ಲೆಕ್ಕ ಹಾಕ್ತೀನಿ, ನಿಮ್ಮೂರಿನ ದರ ಹಾಕಿ ನೀವೂ ನೋಡಿ. ಜನತಾ ಸರ್ವೀಸಿಗೆ 900 ರೂಪಾಯಿ. ಐದು ವರ್ಷಕ್ಕೊಮ್ಮೆ ಅಂದರೆ ಈಗೊಂದು, ಆಮೇಲೆ ಮೂರು, 20 ವರ್ಷಕ್ಕೆ ನಾಲ್ಕು ಸಲ: 3,600. ನಡುವೆ ಒಂದು ಸಲ ಮುಖ್ಯ ಸ್ಪ್ರಿಂಗ್, ಒಂದು ಗಾಜು, ಒಂದು ಚಾವಿ ತಲೆ ಸೇರಿ 650. ಒಟ್ಟು 4,250.

ಸೆಲ್ ವಾಚು ಎರಡೂವರೆ ವರ್ಷಕ್ಕೊಂದು ಸೆಲ್ ತಿನ್ನುತ್ತೆ. 20 ವರ್ಷ ಮುಗಿಯೋದರೊಳಗೆ ಏಳು ಸಲ, 120ರಂತೆ 840. ಒಂದು ಸಲ ಮೂವ್‌ಮೆಂಟೇ ಬದಲಿಸಬೇಕಾಗುತ್ತೆ ಅಂತ ಇಟ್ಕೊಳ್ಳೋಣ, 700. ಒಟ್ಟು 1,540. ವ್ಯತ್ಯಾಸ 2,710 ರೂಪಾಯಿ, ತಿಂಗಳಿಗೆ ಹನ್ನೊಂದು ರೂಪಾಯಿ ಚಿಲ್ಲರೆ. ಹೊಸ ಸೆಲ್ ವಾಚು ಕೊಳ್ಳೋ ಬೆಲೆ ಇದರಲ್ಲಿ ಸೇರಿಲ್ಲ. ಸ್ನೇಹಿತರ ಜನತಾ ಮನೆಯಲ್ಲೇ ಇದೆ. ಹೊಸದಕ್ಕೆ 1,500 ಕೊಟ್ಟರೆ ವ್ಯತ್ಯಾಸ 1,210ಕ್ಕೆ ಇಳಿಯುತ್ತೆ.

ಹಾಗಾದರೆ ಸೆಲ್ ವಾಚಿಗೆ ಆರೈಕೆಯೇ ಬೇಡವೇ? ಒಂದು ವಿಷಯ ಬೇಕೇ ಬೇಕು. ಸೆಲ್ ಸತ್ತ ಮೇಲೆ ಒಳಗೆ ಬಿಡಬಾರದು. ಸೋರಿದರೆ ಕಾಯಿಲ್ ಮತ್ತು ಸರ್ಕ್ಯೂಟ್ ತಿಂದು ಹಾಕುತ್ತೆ, 120ರ ಕೆಲಸ 700ಕ್ಕೆ ಹೋಗುತ್ತೆ. ಕೆಲವು ಮೂವ್‌ಮೆಂಟ್‌ಗಳಲ್ಲಿ ಸೆಲ್ ಮುಗೀತಾ ಬಂದಾಗ ಸೆಕೆಂಡ್ ಮುಳ್ಳು ಎರಡೆರಡು ಸೆಕೆಂಡು ಒಟ್ಟಿಗೆ ನೆಗೆಯುತ್ತೆ. ಅದು ಕೆಟ್ಟಿಲ್ಲ, ಸೆಲ್ ಕೇಳ್ತಾ ಇದೆ.

ಕೊನೆಗೆ, ಎರಡೂ ಹೇಗೆ ಸಾಯ್ತವೆ ಅನ್ನೋದು. ಸೆಲ್ ವಾಚು ಸಾಯೋದು ಸರ್ಕ್ಯೂಟ್ ಸಿಗದೆ. ಒಳಗೆ ಮಿಯೋಟಾ 2035 ಅಂಥ ಎಲ್ಲ ಕಡೆ ಸಿಗೋ ಮೂವ್‌ಮೆಂಟ್ ಇದ್ದರೆ ಹೊಸದನ್ನೇ ಕೂರಿಸಿಬಿಡ್ತಾರೆ. ಯಾವುದೋ ಒಂದೇ ಮಾಡೆಲ್‌ಗೆ ಮಾಡಿದ ಸರ್ಕ್ಯೂಟ್ ಆದರೆ ಕಥೆ ಅಲ್ಲಿಗೇ ಮುಗೀತು. ಕೊಳ್ಳೋ ಮುಂಚೆ ಒಳಗೆ ಯಾವ ಮೂವ್‌ಮೆಂಟ್ ಅಂತ ಕೇಳಿ. ಜನತಾಗೆ ಕಾರ್ಖಾನೆ ಮುಚ್ಚಿದರೂ ಭಾಗ ಸಿಗ್ತಿವೆ, ಯಾಕಂದರೆ ಮೊದಲೇ ಹೇಳಿದ ಹಾಗೆ 0231 ಬೇರೆ ಮಾಡೆಲ್‌ಗಳಲ್ಲೂ ಇದೆ. ಕಾಕಾ ಡಬ್ಬಿಯಲ್ಲಿ ಕೆಟ್ಟ ಪೈಲಟ್‌ಗಳು ಬಿದ್ದಿವೆ, ಅದರ ಚಕ್ರ ಇದಕ್ಕೆ ಕೂರುತ್ತೆ. ಚಾವಿ ವಾಚಿಗೆ ಕೊರತೆ ಬರೋದು ಕೈಯದು. ಕಾಕಾ ಅಂಗಡಿಯಲ್ಲಿ ಕೆಲಸ ಕಲಿಯೋಕೆ ಈಗ ಯಾರೂ ಕೂತಿಲ್ಲ. ನನ್ನ ಲೆಕ್ಕದಲ್ಲಿ 20 ವರ್ಷಕ್ಕೆ ನಾಲ್ಕು ಸರ್ವೀಸ್ ಬರೆದಿದ್ದೀನಿ, ನಾಲ್ಕನೆಯದನ್ನ ಯಾರು ಮಾಡ್ತಾರೆ ಅನ್ನೋದನ್ನ ಬರೆಯೋಕಾಗಲ್ಲ.

ಸ್ನೇಹಿತರಿಗೆ ನಾನು ಹೇಳಿದ್ದು ಇಷ್ಟು. ಟೈಮು ಮಾತ್ರ ಬೇಕಾದರೆ ಸೆಲ್ ವಾಚು ತಗೊಳ್ಳಿ, ಅಗ್ಗ, ನಿಖರ. ಅಪ್ಪನ ವಾಚು ಕಟ್ಟಬೇಕು ಅಂದರೆ ತಿಂಗಳಿಗೆ ಹನ್ನೊಂದು ರೂಪಾಯಿ ಜಾಸ್ತಿ, ವಾರಕ್ಕೊಮ್ಮೆ ಮುಳ್ಳು ಸರಿ ಮಾಡೋ ಅರ್ಧ ನಿಮಿಷ, ಅಷ್ಟೇ. ಆದರೆ ಸರ್ವೀಸ್ ಮುಂದೂಡಬೇಡಿ. ಕಾಕಾ ಇರುವಾಗಲೇ ಒಂದೆರಡು ಕೆಟ್ಟ 0231 ವಾಚು ಹುಡುಕಿ ಭಾಗಕ್ಕೆ ಅಂತ ತೆಗೆದಿಡಿ. ಅವರು ಎರಡು ತೆಗೆದಿಟ್ಟಿದ್ದಾರೆ.

ನಿಮ್ಮ ಮನೆಯಲ್ಲೂ ಹಳೇ ವಾಚಿದ್ದರೆ, ಅಂಗಾತ ಒಂದು ದಿನ, ನಿಲ್ಲಿಸಿ ಒಂದು ದಿನ ಇಟ್ಟು ಎಷ್ಟು ವ್ಯತ್ಯಾಸ ಬಂತು ಅಂತ ಬರೆದಿಟ್ಟುಕೊಳ್ಳಿ. ರಿಪೇರಿಯವರಿಗೆ ಮೊದಲು ಆ ಚೀಟಿ ಕೊಡಿ, ಆಮೇಲೆ ವಾಚು ಕೊಡಿ.