ರಾಟೆಯನ್ನು ಬೆಲ್ಟು ಅಪ್ಪುವ ಬಗೆ



ಅಕ್ಕಿಗಿರಣಿಯಲ್ಲಿ ಮೋಟಾರಿನಿಂದ ಹಲ್ಲರಿಗೆ ಹಾಯ್ದಿರುವ ಚಪ್ಪಟೆ ಬೆಲ್ಟು, ಬೆಳಗಿನಿಂದ ನಿರ್ವಿಘ್ನವಾಗಿ ಓಡುತ್ತಿದ್ದುದು, ಸರಿಯಾಗಿ ಒಣಗದ ಬತ್ತವನ್ನು ಸುರಿದೊಡನೆಯೇ ಕಿರ್ರೆಂದು ಕೂಗತೊಡಗುವುದನ್ನೂ, ಹಲ್ಲರಿನ ಓಟ ಕುಂದುವುದನ್ನೂ, ಮೋಟಾರು ಮಾತ್ರ ತನ್ನ ವೇಗದಲ್ಲಿಯೇ ತಿರುಗುತ್ತಿರುವುದನ್ನೂ ನಿಮ್ಮಲ್ಲಿ ಅನೇಕರು ಕಂಡಿರಬಹುದು. “ಬೆಲ್ಟು ಜಾರ್ತಿದೆ” ಎನ್ನುತ್ತ ಗಿರಣಿಯಾತನು ಒಂದು ಹಿಡಿ ರಾಳದ ಪುಡಿಯನ್ನು ಅದರ ಒಳಮೈಗೆ ಎರಚುವನು, ಕೂಗು ನಿಲ್ಲುವುದು, ಮರುದಿನ ಮತ್ತೆ ಮೊದಲಾಗುವುದು. ಗಿರಣಿಯನ್ನು ನಿಲ್ಲಿಸಿ ಮುಟ್ಟಿನೋಡಿದರೆ ಮೋಟಾರಿನ ಚಿಕ್ಕ ರಾಟೆ ಕೈಯಿಡಲಾರದಷ್ಟು ಕಾದಿರುತ್ತದೆ, ಹಲ್ಲರಿನ ದೊಡ್ಡ ರಾಟೆ ಬಹುಮಟ್ಟಿಗೆ ತಣ್ಣಗಿರುತ್ತದೆ. ಒಂದೇ ಬೆಲ್ಟು ಒಂದೇ ಭಾರವನ್ನು ಎರಡು ರಾಟೆಗಳ ಮೇಲೂ ಹೊತ್ತಿರುವಾಗ ಒಂದೆಡೆ ಮಾತ್ರ ಜಾರುವುದೇಕೆ ಎಂಬ ಪ್ರಶ್ನೆಯನ್ನೇ ಈ ದತ್ತಿ ಉಪನ್ಯಾಸದ ವಿಷಯವಾಗಿ ಆರಿಸಿಕೊಂಡಿದ್ದೇನೆ.

ಓಡುತ್ತಿರುವ ಬೆಲ್ಟಿಗೆ ಎರಡು ಮಗ್ಗುಲುಗಳು. ಮೋಟಾರು ಎಳೆದುಕೊಳ್ಳುವ ಮಗ್ಗುಲು ಬಿಗಿಯಾಗಿಯೂ, ಅದು ಬಿಟ್ಟುಕೊಡುವ ಮಗ್ಗುಲು ಸಡಿಲಾಗಿಯೂ ಇರುತ್ತವೆ. ಈ ಎರಡು ಬಿಗಿತಗಳ ಅಂತರವೇ ಹಲ್ಲರನ್ನು ತಿರುಗಿಸುವ ಬಲ; ಅವೆರಡೂ ಸಮನಾಗಿದ್ದರೆ ಬೆಲ್ಟು ಸುಮ್ಮನೆ ಸುತ್ತುವುದೇ ಹೊರತು ಯಾವ ಕೆಲಸವೂ ಆಗದು. ಹಾಗಾದರೆ ಈ ಅಂತರವನ್ನು ಮನಬಂದಷ್ಟು ಹೆಚ್ಚಿಸಬಹುದೇ ಎಂದರೆ, ಅದಕ್ಕೊಂದು ಮಿತಿಯುಂಟು. ಆ ಮಿತಿಯನ್ನು ಗೊತ್ತುಮಾಡುವುದು ರಾಟೆಯ ಮೇಲೆ ಬೆಲ್ಟು ತಬ್ಬಿರುವ ಕಮಾನಿನ ಘರ್ಷಣೆ.

ಆ ಕಮಾನನ್ನು ಕೂದಲೆಳೆಯಷ್ಟು ಸಣ್ಣ ತುಣುಕುಗಳಾಗಿ ಭಾಗಿಸಿದಂತೆ ಭಾವಿಸೋಣ. ಒಂದು ತುಣುಕಿನ ಎರಡು ತುದಿಗಳಲ್ಲಿ ಬೆಲ್ಟಿನ ಬಿಗಿತ ತುಸುವೇ ಬೇರೆ ಬೇರೆ ದಿಕ್ಕಿಗೆ ಎಳೆಯುವುದರಿಂದ, ಆ ತುಣುಕು ರಾಟೆಯ ಮೈಗೆ ಒತ್ತಲ್ಪಡುವುದು. ಒತ್ತಡವು ಅಲ್ಲಿನ ಬಿಗಿತವನ್ನೂ ತುಣುಕು ತಿರುಗಿದ ಕೋನವನ್ನೂ ಗುಣಿಸಿದಷ್ಟು. ಘರ್ಷಣೆ ಒತ್ತಡಕ್ಕೆ ಅನುಗುಣವಾದುದರಿಂದ, ಆ ತುಣುಕಿನ ಉದ್ದಕ್ಕೂ ಬಿಗಿತವು ಏರಬಲ್ಲ ಮೊತ್ತವು ಆಗಲೇ ಅಲ್ಲಿರುವ ಬಿಗಿತದ ಒಂದು ಅಂಶವಾಗಿ ಪರಿಣಮಿಸುತ್ತದೆ. ಮುಂದಿನ ತುಣುಕು ಈ ಏರಿದ ಬಿಗಿತದಿಂದ ಮೊದಲಾಗಿ ಅದರ ಮೇಲೆ ಮತ್ತೆ ಅಷ್ಟೇ ಪ್ರಮಾಣದಲ್ಲಿ ಏರುತ್ತದೆ. ಸಾಲದ ಮೇಲಿನ ಚಕ್ರಬಡ್ಡಿಯ ಲೆಕ್ಕವೇ ಇದು: ಅಸಲು ಸಡಿಲು ಮಗ್ಗುಲಿನ ಬಿಗಿತ, ಬಡ್ಡಿಯ ದರ ಘರ್ಷಣಾಂಕ, ಅವಧಿ ಸುತ್ತಿನ ಕೋನ. ಇಂತು ದೊರೆಯುವ ಸೂತ್ರ,

T₁ / T₂ = e^(μθ)

ಇಲ್ಲಿ T₁ ಬಿಗಿ ಮಗ್ಗುಲಿನದು, T₂ ಸಡಿಲು ಮಗ್ಗುಲಿನದು, μ ಘರ್ಷಣಾಂಕ, θ ರೇಡಿಯನ್ನುಗಳಲ್ಲಿ ಅಳೆದ ಸುತ್ತಿನ ಕೋನ. ಗಣಿತಜ್ಞನಾದ ಆಯ್ಲರನು ಬರ್ಲಿನ್ ಅಕಾಡೆಮಿಯ ಸಂಪುಟದಲ್ಲಿ 1769ರಲ್ಲಿ ಅಚ್ಚಾದ ಘರ್ಷಣೆಯ ಪ್ರಬಂಧದಲ್ಲಿ ಈ ವಿಚಾರವನ್ನು ನಿರೂಪಿಸಿದನು. 1808ರಲ್ಲಿ ಸ್ಥಿತಿಶಾಸ್ತ್ರದ ಕೈಪಿಡಿಯನ್ನು ಪ್ರಕಟಿಸಿದ ಜರ್ಮನ್ ಎಂಜಿನಿಯರ್ ಐಟೆಲ್ವೈನನ ಹೆಸರೂ ಅದರೊಡನೆ ಸೇರಿಕೊಂಡಿದೆ. ಹಡಗಿನ ಲಂಗರಿನ ಹಗ್ಗವನ್ನು ಸುತ್ತುವ ಕ್ಯಾಪ್ಸ್ಟನ್ ಎಂಬ ನಿಲುಗಂಬದಿಂದ ಅದಕ್ಕೆ ಇಂಗ್ಲಿಷಿನಲ್ಲಿ ಹೆಸರು ಬಂದಿತು. ಘರ್ಷಣಾಂಕ 0.3 ಇರುವ ಕಂಬಕ್ಕೆ ಹಗ್ಗವನ್ನು ಮೂರು ಸುತ್ತು ಸುತ್ತಿದರೆ, ಒಂದು ಕಿಲೋಗ್ರಾಂ ಭಾರದಷ್ಟು ಎಳೆತವನ್ನು ಹಿಡಿದ ಕೈ ಆಚೆಯ ತುದಿಯಲ್ಲಿ ಸುಮಾರು 285 ಕಿಲೋಗ್ರಾಂ ಎಳೆತವನ್ನು ತಡೆಯಬಲ್ಲುದು.

ಈ ಸೂತ್ರದಲ್ಲಿ ಏನಿದೆಯೆಂಬುದರಷ್ಟೇ ಏನಿಲ್ಲವೆಂಬುದೂ ಗಮನಾರ್ಹ. ರಾಟೆಯ ವ್ಯಾಸ ಅದರಲ್ಲಿಲ್ಲ. ಬೆಲ್ಟಿನ ಅಗಲವೂ ಇಲ್ಲ. ಜಾರುವ ಬೆಲ್ಟಿಗೆ ಪರಿಹಾರವೆಂದು ಇನ್ನೂ ಅಗಲವಾದ ಬೆಲ್ಟನ್ನು ತಂದು, ಮೊದಲಿನ ಬಿಗಿತದಲ್ಲಿಯೇ ಕೂರಿಸಿದವರು ವೃಥಾ ಹಣ ವೆಚ್ಚಮಾಡಿದಂತಾಗುವುದು. ಅಗಲವು ಹರಿಯದೆ ಹೆಚ್ಚು ಬಿಗಿತವನ್ನು ತಾಳಿಕೊಳ್ಳಲು ನೆರವಾಗುವುದೇ ಹೊರತು ತಾನಾಗಿ ಹಿಡಿತವನ್ನು ಕೊಡಲಾರದು. ಚಿಕ್ಕ ರಾಟೆ ಮೊದಲು ಜಾರುವುದೂ ಅದು ಚಿಕ್ಕದೆಂಬ ಕಾರಣಕ್ಕಲ್ಲ. ನೇರವಾಗಿ ಹಾಕಿದ ಬೆಲ್ಟು ದೊಡ್ಡ ರಾಟೆಯಿಂದ ಚಿಕ್ಕದರ ಕಡೆಗೆ ಇಳಿಮುಖವಾಗಿ ಬರುವುದರಿಂದ, ದೊಡ್ಡದನ್ನು ಅರ್ಧ ಸುತ್ತಿಗಿಂತ ಹೆಚ್ಚಾಗಿಯೂ ಚಿಕ್ಕದನ್ನು ಅರ್ಧ ಸುತ್ತಿಗಿಂತ ಕಡಮೆಯಾಗಿಯೂ ತಬ್ಬುವುದು. ಎರಡರ ಮೇಲೂ ಬಿಗಿತಗಳ ನಿಷ್ಪತ್ತಿ ಒಂದೇ ಆದುದರಿಂದ, ಕೋನ ಕಿರಿದಾದ ಕಡೆ ಮಿತಿ ಮೊದಲು ಮೀರುತ್ತದೆ. ಮೋಟಾರಿನ ರಾಟೆ ಮಾತ್ರ ಕಾದುದಕ್ಕೆ ಕಾರಣವಿದು.

ಈಗ ಒಂದು ಗಿರಣಿಯ ಲೆಕ್ಕವನ್ನೇ ಮಾಡಿನೋಡೋಣ. ನಿಮಿಷಕ್ಕೆ 1440 ಸುತ್ತು ತಿರುಗುವ 10 ಕುದುರೆಬಲದ ಮೋಟಾರು. ಅದರ ರಾಟೆಯ ವ್ಯಾಸ 15 ಸೆಂಟಿಮೀಟರು, ಹಲ್ಲರಿನ ರಾಟೆಯದು 45. ಸ್ಥಳದ ಇಕ್ಕಟ್ಟಿನಿಂದಾಗಿ ಎರಡು ಕೇಂದ್ರಗಳ ನಡುವಣ ದೂರ 60 ಸೆಂಟಿಮೀಟರು ಮಾತ್ರ. ಬೆಲ್ಟಿನ ವೇಗ ಸೆಕೆಂಡಿಗೆ 11 ಮೀಟರಿಗಿಂತ ತುಸು ಹೆಚ್ಚು. ಹತ್ತು ಕುದುರೆಬಲವನ್ನು ಸಾಗಿಸಲು ಎರಡು ಮಗ್ಗುಲುಗಳ ಅಂತರ ಸುಮಾರು 67 ಕಿಲೋಗ್ರಾಂ ಭಾರದಷ್ಟಿರಬೇಕು. ಚಿಕ್ಕ ರಾಟೆಯ ಮೇಲಿನ ಸುತ್ತು 151 ಡಿಗ್ರಿ. ಘರ್ಷಣಾಂಕವನ್ನು 0.3 ಎಂದು ಹಿಡಿದರೆ ಬಿಗಿತಗಳ ನಿಷ್ಪತ್ತಿ 2.2ನ್ನು ಮೀರದು. ನಿಂತಿರುವಾಗ ಎರಡೂ ಮಗ್ಗುಲುಗಳನ್ನು ತಲಾ 90 ಕಿಲೋಗ್ರಾಮಿಗೆ ಬಿಗಿದಿದ್ದರೆ, ಓಡುವಾಗ ಒಂದು ಏರಿದಷ್ಟೇ ಮತ್ತೊಂದು ಇಳಿದು ಮೊತ್ತವು ಸ್ಥೂಲವಾಗಿ 180 ಆಗಿಯೇ ಉಳಿಯುವುದರಿಂದ, ದೊರೆಯಬಹುದಾದ ಅಂತರ 67ರ ಸುತ್ತಮುತ್ತ. ಎಂದರೆ ಬೆಲ್ಟು ತನ್ನ ಮಿತಿಯ ಅಂಚಿನಲ್ಲಿಯೇ ಓಡುತ್ತಿದೆ. ತೌಡಿನ ಧೂಳೂ ಬೇರಿಂಗಿನ ಎಣ್ಣೆಯ ಹನಿಯೂ ಸೇರಿ ಘರ್ಷಣಾಂಕ 0.15ಕ್ಕೆ ಇಳಿದರೆ, ಅದೇ ಏರ್ಪಾಟು ಐದು ಕುದುರೆಬಲಕ್ಕಿಂತ ಸ್ವಲ್ಪವೇ ಹೆಚ್ಚು ಸಾಗಿಸಬಲ್ಲುದು.

ಜಾರಿಕೆ ಎಂಬುದು ಮಿತಿಯನ್ನು ದಾಟಿದ ಕ್ಷಣದಲ್ಲಿ ಥಟ್ಟನೆ ಹುಟ್ಟುವುದೆಂದು ನಾವು ತಿಳಿಯುತ್ತೇವೆ. ಅದರ ಸಿದ್ಧತೆ ಬಹಳ ಮುಂಚೆಯೇ ನಡೆದಿರುತ್ತದೆಂಬುದನ್ನು ಎಂಜಿನಿಯರ್ ಆಸ್ಬರ್ನ್ ರೆನಾಲ್ಡ್ಸನು 1874ರಲ್ಲಿ ವಿಶದಪಡಿಸಿದನು; ಈ ವಿಷಯದಲ್ಲಿ ನನಗೆ ಅತ್ಯಂತ ರಮ್ಯವಾಗಿ ತೋರುವ ಭಾಗ ಇದೇ. ಬೆಲ್ಟು ಹಿಗ್ಗುವ ಗುಣವುಳ್ಳದ್ದು. ಮೋಟಾರಿನ ರಾಟೆಯನ್ನು ಅದು ಬಿಗಿಯಾಗಿ, ಎಂದರೆ ಹಿಗ್ಗಿದ ಸ್ಥಿತಿಯಲ್ಲಿ, ಏರುವುದು; ಸಡಿಲಾಗಿ, ಎಂದರೆ ಕುಗ್ಗಿ, ಇಳಿಯುವುದು. ರಾಟೆಯ ಮೇಲಿರುವಾಗಲೇ ಕುಗ್ಗುವುದರಿಂದ, ಕುಗ್ಗುವ ಭಾಗದಲ್ಲಿ ಅದು ರಾಟೆಯ ಮೈಗಿಂತ ಅತ್ಯಲ್ಪವಾಗಿ ಹಿಂದೆ ಬೀಳಲೇಬೇಕು. ಈ ತೆವಳಿಕೆ ಒಳ್ಳೆಯ ಬೆಲ್ಟಿನಲ್ಲಿಯೂ ಉಂಟು. ಅದರಿಂದ ನೂರರಲ್ಲಿ ಒಂದೆರಡು ಪಾಲು ವೇಗ ನಷ್ಟವಾದರೂ ಕೂಗಿಲ್ಲ, ಬೇಗೆಯಿಲ್ಲ. ಆದರೆ ತೆವಳಿಕೆ ಇಡೀ ಕಮಾನಿನ ಮೇಲೆ ಹರಡಿರುವುದಿಲ್ಲ. ಬೆಲ್ಟು ರಾಟೆಯನ್ನು ಏರುವ ಕಡೆಯ ಭಾಗ ರಾಟೆಗೆ ಅಂಟಿದಂತೆ ನಿಶ್ಚಲವಾಗಿದ್ದು, ಇಳಿಯುವ ಕಡೆಯ ಭಾಗ ಮಾತ್ರ ತೆವಳುತ್ತ, ಬಿಗಿತದ ಬದಲಾವಣೆಯೆಲ್ಲವೂ ಅಲ್ಲಿಯೇ ನಡೆಯುವುದು. ನಮ್ಮ ಗಿರಣಿಯಲ್ಲಿ ಅರ್ಧ ಭಾರವಿರುವಾಗ 151 ಡಿಗ್ರಿಗಳಲ್ಲಿ 72 ಮಾತ್ರ ತೆವಳುತ್ತಿದ್ದು, ಉಳಿದ 79 ಡಿಗ್ರಿ ವಿಶ್ರಾಂತ ಕಮಾನಾಗಿರುತ್ತದೆ. ಭಾರ ಏರಿದಂತೆಲ್ಲ ತೆವಳುವ ಕಮಾನು ಹಿಂದಕ್ಕೆ ಹಬ್ಬಿ ವಿಶ್ರಾಂತ ಕಮಾನನ್ನು ನುಂಗುತ್ತ ಹೋಗುವುದು. ಏರುವ ಬಿಂದುವನ್ನು ಅದು ಮುಟ್ಟಿದ ಬಳಿಕ ಹಿಡಿದು ನಿಲ್ಲಿಸುವ ಭಾಗವೇ ಉಳಿಯದೆ ಬೆಲ್ಟು ಇಡಿಯಾಗಿ ಜಾರುವುದು. ಆಗ ಹುಟ್ಟುವ ಬಿಸಿ ಒಳಮೈಯನ್ನು ಗಾಜಿನಂತೆ ನುಣುಪುಗೊಳಿಸಿ ಘರ್ಷಣಾಂಕವನ್ನು ಇನ್ನಷ್ಟು ತಗ್ಗಿಸುವುದರಿಂದ, ಒಮ್ಮೆ ಜಾರಿದ ಬೆಲ್ಟು ಮತ್ತೆ ಮತ್ತೆ ಜಾರುತ್ತದೆ. ಹೊಳೆಯುವ ಒಳಮೈ, ಕಾದ ಚಿಕ್ಕ ರಾಟೆ, ಎರಡು ರಾಟೆಗಳ ಸುತ್ತುಗಳನ್ನು ಎಣಿಸಿದಾಗ ನೂರಕ್ಕೆ ಮೂರು ನಾಲ್ಕಕ್ಕಿಂತ ಮಿಕ್ಕ ಕೊರತೆ, ಇವು ತೆವಳಿಕೆ ಜಾರಿಕೆಯಾದುದರ ಗುರುತು. ರಾಳವು ಕ್ಷಣಕಾಲ ಹಿಡಿತವನ್ನು ಕೊಟ್ಟು, ಧೂಳಿನೊಡನೆ ಬೆರೆತು ಗಟ್ಟಿಯಾಗಿ, ಆ ನುಣುಪಿಗೇ ಮತ್ತೊಂದು ಪದರವನ್ನು ಸೇರಿಸುವುದು.

ಇನ್ನೂ ಬಿಗಿದರೆ ಆಗದೇ ಎಂದು ಕೇಳಬಹುದು. ಆಗುವುದು; ಆದರೆ ಬಿಗಿದ 180 ಕಿಲೋಗ್ರಾಮೂ ಮೋಟಾರಿನ ಬೇರಿಂಗುಗಳ ಮೇಲೆಯೇ ಬೀಳುವುದರಿಂದ, ಜಾರಿಕೆಯನ್ನು ತಪ್ಪಿಸಿದವನು ಬೇರಿಂಗನ್ನು ಸುಡಿಸಿಕೊಳ್ಳುವನು. ಕೋನವನ್ನು ಹೆಚ್ಚಿಸುವುದು ಇದಕ್ಕಿಂತ ವಿಹಿತವಾದ ಮಾರ್ಗ. ಸಡಿಲು ಮಗ್ಗುಲಿನಲ್ಲಿ, ಚಿಕ್ಕ ರಾಟೆಗೆ ಸಮೀಪವಾಗಿ, ಹೊರಗಿನಿಂದ ಬೆಲ್ಟನ್ನು ಒಳಕ್ಕೆ ಒತ್ತುವ ಜಾಕಿ ರಾಟೆಯೊಂದನ್ನು ಇರಿಸಿ ಸುತ್ತನ್ನು 210 ಡಿಗ್ರಿಗೆ ಏರಿಸಿದರೆ ನಿಷ್ಪತ್ತಿ 3 ಆಗುವುದು. ಅದೇ 180 ಕಿಲೋಗ್ರಾಂ ಮೊತ್ತದಲ್ಲಿ ಈಗ 90 ಕಿಲೋಗ್ರಾಂ ಅಂತರ ದೊರೆತು, ಹದಿಮೂರು ಕುದುರೆಬಲವೂ ಸಾಗುವುದು. ಹತ್ತೇ ಸಾಕೆಂದರೆ ಬಿಗಿತವನ್ನು ತಲಾ 67ಕ್ಕೆ ಇಳಿಸಿ ಬೇರಿಂಗಿನ ಹೊರೆಯನ್ನು ಕಾಲು ಭಾಗ ತಗ್ಗಿಸಬಹುದು. ಬಿಗಿ ಮಗ್ಗುಲಿನಲ್ಲಿ ಜಾಕಿಯನ್ನಿಟ್ಟರೂ ಕೋನ ಹೆಚ್ಚುವುದು ನಿಜ. ಆದರೆ ಅಲ್ಲಿನ ಬಲ ಹೆಚ್ಚಾದುದರಿಂದ ಜಾಕಿಯ ಬೇರಿಂಗೂ ಬೆಲ್ಟಿನ ಕೂಡುಗೆಯೂ ಬೇಗನೆ ಸವೆಯುವುವು.

ಸೂತ್ರದ ಘಾತೀಯ ಏರಿಕೆಯನ್ನು ಕಂಡು, ಕೋನವನ್ನು ಬೆಳೆಸುತ್ತ ಹೋದರೆ ಸಾಮರ್ಥ್ಯವೂ ಅಂತೆಯೇ ಬೆಳೆಯುವುದೆಂದು ಭ್ರಮಿಸಬಾರದು. ಬಿಗಿತಗಳ ಮೊತ್ತ ಸ್ಥಿರವಾಗಿರುವವರೆಗೆ, ಸಡಿಲು ಮಗ್ಗುಲು ಶೂನ್ಯಕ್ಕಿಳಿದರೂ ಅಂತರವು 180ನ್ನು ಮೀರುವಂತಿಲ್ಲ. ಜಾಕಿಯನ್ನು ಒಂದೆಡೆ ಬೋಲ್ಟಿನಿಂದ ಬಂಧಿಸದೆ, ಸನ್ನೆಯ ತುದಿಗೆ ತೂಕವನ್ನು ನೇತುಹಾಕಿ ಒತ್ತಿಸಿದರೆ ಮಾತ್ರ ಸಡಿಲು ಮಗ್ಗುಲಿನ ಬಿಗಿತ ಎಂದೂ ಇಳಿಯದೆ ನಿಂತು, ಕೋನದ ಪೂರ್ಣ ಫಲ ದೊರೆಯುವುದು; ಬೆಲ್ಟು ಹಳತಾಗಿ ಉದ್ದವಾದಾಗ ಆ ತೂಕವೇ ಇಳಿದುಬಂದು ಸಡಿಲನ್ನು ಹೀರಿಕೊಳ್ಳುವುದೂ ಒಂದು ಲಾಭ. ಆಗ ಬಿಗಿ ಮಗ್ಗುಲಿನ ಬಿಗಿತವನ್ನು ಬೆಲ್ಟು ತಾಳೀತೇ ಎಂಬುದೊಂದೇ ಮಿತಿ.

ಜಾಕಿಯಿಂದ ಬೆಲ್ಟು ಹಿಂದುಮುಂದಾಗಿ ಬಾಗುವುದರಿಂದ ಕೂಡುಗೆಯಲ್ಲಿ ಬಿರುಕು ಬೇಗ ಕಾಣಿಸಿಕೊಳ್ಳುವುದೆಂಬುದನ್ನೂ ಹೇಳತಕ್ಕುದು. ಸ್ಥಳವಿದ್ದವರು ಮೋಟಾರನ್ನು ದೂರಕ್ಕೆ ಸರಿಸಬಹುದು: ಕೇಂದ್ರಗಳ ದೂರವನ್ನು 120 ಸೆಂಟಿಮೀಟರಿಗೆ ಇಮ್ಮಡಿಸಿದರೆ ಸುತ್ತು 166 ಡಿಗ್ರಿಯ ಹತ್ತಿರ ಬಂದು, ಅದೇ ಬಿಗಿತದಲ್ಲಿ ಹನ್ನೊಂದು ಕುದುರೆಬಲದವರೆಗೆ ಸಾಗುವುದು. ಬೆಲ್ಟು ಓಡುವ ದಿಕ್ಕನ್ನು ನೋಡಿ ಸಡಿಲು ಮಗ್ಗುಲು ಮೇಲೆ ಬರುವಂತೆ ಮೋಟಾರನ್ನು ಕೂರಿಸಿದರಂತೂ, ಅದರ ಜೋಲು ಕೆಳಗಿಳಿದು ಎರಡು ರಾಟೆಗಳನ್ನೂ ಇನ್ನಷ್ಟು ತಬ್ಬಿಕೊಳ್ಳುವುದು. ಸಡಿಲು ಮಗ್ಗುಲು ಕೆಳಗೆ ಬಂದರೆ ಅದೇ ಜೋಲು ಬೆಲ್ಟನ್ನು ರಾಟೆಯಿಂದ ಬಿಡಿಸಿ ಕೋನವನ್ನು ಕಿರಿದುಗೊಳಿಸುವುದರಿಂದ, ಅಡಿಪಾಯದ ಬೋಲ್ಟುಗಳನ್ನು ಹೂಳುವ ಮುನ್ನವೇ ಮೋಟಾರು ಯಾವ ಕಡೆಗೆ ತಿರುಗುವುದೆಂಬುದನ್ನು ನಿಶ್ಚಯಿಸಿಕೊಳ್ಳಬೇಕು.